ಅರ್ಧ ಮಾತ್ರ ಉಳಿದ ನಾಮಕರಣದ ಫೋಟೊ

ಶಿವಮೊಗ್ಗದ ಒಂದು ಮನೆಯನ್ನು ಊಹಿಸಿಕೊಳ್ಳೋಣ. 2006ರಲ್ಲಿ ಮಗಳ ನಾಮಕರಣ. ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ 180 ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ, ಒಂದು ಸಿ.ಡಿ.ಗೂ ಬರೆಸಿ ಸೋದರಮಾವನಿಗೆ ಕೊಟ್ಟರು. 2012ರಲ್ಲಿ ಕಂಪ್ಯೂಟರ್ ಹಳತಾಯಿತೆಂದು ಫೋಟೊಗಳೆಲ್ಲ ಹಾರ್ಡ್ ಡಿಸ್ಕಿಗೆ ಹೋದವು. 2018ರಲ್ಲಿ ಆ ಡಿಸ್ಕಿನಿಂದ ಇನ್ನೊಂದಕ್ಕೆ. ಈಗ ಮಗಳು ಕಾಲೇಜು ಸೇರಿದ್ದಾಳೆ. ಅಜ್ಜಿ ತೊಟ್ಟಿಲ ಪಕ್ಕ ಕೂತಿರುವ ಫೋಟೊ ತೆರೆದರೆ ಅಜ್ಜಿಯ ಮುಖ ಸರಿಯಿದೆ, ಅದರ ಕೆಳಗೆ ಚಿತ್ರವೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಪಕ್ಕಕ್ಕೆ ಜಾರಿದೆ. ತೊಟ್ಟಿಲಾಗಲಿ ಮಗುವಾಗಲಿ ಗುರುತಿಗೆ ಸಿಗುತ್ತಿಲ್ಲ. ಡಿಸ್ಕ್ ಚೆನ್ನಾಗಿಯೇ ಓಡುತ್ತಿದೆ. ಫೈಲಿನ ಹೆಸರೂ ಗಾತ್ರವೂ ಮೊದಲಿನಂತೆಯೇ ಇವೆ.

ಹೀಗಾಗಲು ಫೈಲಿನೊಳಗಿನ ಒಂದೇ ಒಂದು ಬಿಟ್ ತಿರುಗಿದ್ದರೂ ಸಾಕು. ಜೆಪೆಗ್ ಫೈಲು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಪುಟ್ಟ ಚೌಕಗಳಾಗಿ ಒಡೆದುಕೊಳ್ಳುತ್ತದೆ. ಪ್ರತಿ ಚೌಕದ ಸರಾಸರಿ ಬೆಳಕನ್ನು ಪೂರ್ತಿ ಬರೆದಿಡದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆಯುತ್ತದೆ. ಅಂಗಡಿಯ ಉದ್ರಿ ಲೆಕ್ಕದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುತ್ತಾರಲ್ಲ, ಹಾಗೆ. ಒಂದು ಪುಟದಲ್ಲಿ ಅಂಕಿ ತಪ್ಪಿದರೆ ಅಲ್ಲಿಂದಾಚೆಗಿನ ಬಾಕಿಯೆಲ್ಲ ತಪ್ಪುತ್ತದೆ. ಮೇಲರ್ಧ ಉಳಿದು ಕೆಳಗಿನರ್ಧ ಕೆಡುವುದು ಇದರಿಂದಲೇ.

ಆ ಬಿಟ್ ಯಾವಾಗ ತಿರುಗಿತೆಂದು ಈಗ ಹೇಳಲಾಗದು. ನಕಲು ಮಾಡುವಾಗ ಕಂಪ್ಯೂಟರಿನ ಮೆಮೊರಿ ತಪ್ಪಿರಬಹುದು, ಹಳೆಯ ಡಿಸ್ಕೇ ಎಡವಿರಬಹುದು. 2012ರಲ್ಲೇ ಕೆಟ್ಟಿದ್ದರೆ 2018ರ ನಕಲು ಆ ಕೆಡುಕನ್ನೇ ನಿಷ್ಠೆಯಿಂದ ಹೊತ್ತು ತಂದಿರುತ್ತದೆ. ಫೋಟೊ ಉಳಿಸಿಕೊಳ್ಳುವವರು ನಕಲುಗಳ ಎಣಿಕೆಯಷ್ಟೇ ಗಮನದಿಂದ, ಯಾವ ನಕಲು ಸರಿಯಿದೆ ಎಂದು ತಿಳಿಯುವ ದಾರಿಯನ್ನೂ ಇಟ್ಟುಕೊಳ್ಳಬೇಕಾಗುವುದು ಇಲ್ಲಿ.

ಈ ಮನೆಯವರು ಒಂದು ವಿಷಯದಲ್ಲಿ ಅದೃಷ್ಟವಂತರು. ಅವರ ಫೋಟೊಗಳು ಜೆಪೆಗ್‌ನಲ್ಲಿವೆ. 1992ರಲ್ಲಿ ಒಪ್ಪಿಗೆಯಾದ ಈ ಮಾನದಂಡ ಎಲ್ಲರಿಗೂ ಮುಕ್ತ. ಅದನ್ನು ಓದಲಾರದ ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ. ಅದೇ 1992ರಲ್ಲಿ ಕೊಡಾಕ್ ಕಂಪನಿ ‘ಫೋಟೊ ಸಿ.ಡಿ.’ ತಂದಿತು. ಅದರ ಚಿತ್ರಗಳ ಗುಣಮಟ್ಟ ಚೆನ್ನಾಗಿತ್ತು, ಆದರೆ ಫೈಲಿನ ರೂಪ ಆ ಕಂಪನಿಯ ಸ್ವಂತದ್ದು. ಕಂಪನಿ ಅದನ್ನು ಕೈಬಿಟ್ಟ ಮೇಲೆ, ಇಂದು ಅಂಥ ಫೈಲನ್ನು ತೆರೆಯಲು ಬೇರೆಯೇ ತಂತ್ರಾಂಶ ಹುಡುಕಬೇಕು. 2017ರಿಂದ ಐಫೋನ್‌ಗಳು ಬಳಸುತ್ತಿರುವ ಹೆಚ್‌ಇಐಸಿ ರೂಪ ಜಾಗ ಉಳಿಸುತ್ತದೆ. ಆದರೆ ಜೆಪೆಗ್‌ನಂತೆ ಅದು ಎಲ್ಲ ಕಡೆ ತಾನಾಗಿ ತೆರೆದುಕೊಳ್ಳುವುದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `Most Compatible` ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ. ಈಗಾಗಲೇ ಹೆಚ್‌ಇಐಸಿಯಲ್ಲಿರುವುದನ್ನು ಅಳಿಸಬಾರದು. ಮುಖ್ಯವಾದವುಗಳ ಜೆಪೆಗ್ ಪ್ರತಿಯನ್ನು ಪಕ್ಕದಲ್ಲಿಟ್ಟರೆ ಸಾಕು.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದನ್ನು ಮೂಲವೆಂದು ಎಣಿಸುವಂತಿಲ್ಲ. ಅದು ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕದ ವಿವರವನ್ನೂ ಕಳಚುತ್ತದೆ. ನೆಂಟರಿಂದ ಫೋಟೊ ತರಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿದರೆ ಫೈಲು ಇದ್ದಂತೆಯೇ ಕೈಸೇರುತ್ತದೆ.

ರೂಪ ಸರಿಯಿದ್ದರೂ ಅದನ್ನು ಹೊತ್ತ ವಸ್ತುವಿಗೆ ಆಯಸ್ಸಿದೆ. ಬ್ರಿಟನ್ನಿನಲ್ಲಿ 1086ರ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ ಬಿಬಿಸಿ ಜನಜೀವನದ ಚಿತ್ರ, ಬರಹಗಳನ್ನು ಲೇಸರ್ ಡಿಸ್ಕ್‌ಗಳಲ್ಲಿ ತುಂಬಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವನ್ನು ಓದುವ ಯಂತ್ರಗಳೇ ಅಪರೂಪವಾದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಅದನ್ನು ಹೊರತೆಗೆಯಲು ಪ್ರತ್ಯೇಕ ಯೋಜನೆಯನ್ನೇ ನಡೆಸಬೇಕಾಯಿತು. ಚರ್ಮದ ಹಾಳೆಯ ಮೂಲ ಪುಸ್ತಕವನ್ನು ಮಾತ್ರ ಇಂದಿಗೂ ಓದಬಹುದು.

ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಮಾಹಿತಿ ಕೂರುವುದು ಹೊಳೆಯುವ ಕೆಳಬದಿಯಲ್ಲಲ್ಲ, ಹೆಸರು ಬರೆಯುವ ಮೇಲ್ಬದಿಯ ತೆಳು ಮೆರುಗೆಣ್ಣೆಯ ಅಡಿಯಲ್ಲಿ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅಂಟಿಸಿದ ಚೀಟಿ ಕಿತ್ತರೆ ಮಾಹಿತಿಗೇ ಗಾಯ. ಮಲೆನಾಡು, ಕರಾವಳಿಯ ತೇವ ಬೇರೆ ಸೇರಿಕೊಳ್ಳುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳು ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಟ್ಟುಕೊಳ್ಳುತ್ತವೆ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ಆ ಆವೇಶ ಮೆಲ್ಲನೆ ಸೋರುತ್ತದೆ. ಹಾರ್ಡ್ ಡಿಸ್ಕ್ ಇವೆರಡಕ್ಕಿಂತ ವಾಸಿ, ಆದರೆ ಅದರೊಳಗೆ ತಿರುಗುವ ಭಾಗಗಳಿವೆ. ಆದ್ದರಿಂದ ಎರಡು ಹಾರ್ಡ್ ಡಿಸ್ಕ್, ಒಂದು ಆನ್‌ಲೈನ್ ಪ್ರತಿ ಎಂಬುದು ಮನೆಗೆ ತಕ್ಕ ಏರ್ಪಾಡು. ಡಿಸ್ಕ್‌ಗಳಲ್ಲಿ ಒಂದು ಬೇರೆ ಊರಲ್ಲಿದ್ದರೆ ಒಳ್ಳೆಯದು. ಪ್ರತಿ ಡಿಸ್ಕನ್ನು ಸುಮಾರು ಐದು ವರ್ಷಕ್ಕೊಮ್ಮೆ, ಅದು ಇನ್ನೂ ಸರಿಯಾಗಿ ಓದುತ್ತಿರುವಾಗಲೇ ಬದಲಿಸಬೇಕು. ಎರಡನ್ನೂ ಒಂದೇ ವರ್ಷ ಕೊಳ್ಳದಿದ್ದರೆ ಎರಡಕ್ಕೂ ಒಟ್ಟಿಗೆ ವಯಸ್ಸಾಗುವುದಿಲ್ಲ.

ಇಷ್ಟಾದರೂ ಅಜ್ಜಿಯ ಫೋಟೊದಂಥದ್ದು ಕಣ್ಣಿಗೆ ಬೀಳದೇ ಉಳಿಯಬಹುದು. ಸಾಲಾಗಿ ಕಾಣುವ ಪುಟ್ಟ ಚಿತ್ರಗಳನ್ನು ನೋಡಿ ನಂಬುವಂತಿಲ್ಲ. ಎಷ್ಟೋ ಫೈಲುಗಳಲ್ಲಿ ಆ ಪುಟ್ಟ ಚಿತ್ರ ಪ್ರತ್ಯೇಕವಾಗಿ ಕೂತಿರುತ್ತದೆ, ದೊಡ್ಡ ಚಿತ್ರ ಕೆಟ್ಟಿದ್ದರೂ ಅದು ನಗುತ್ತಲೇ ಇರುತ್ತದೆ. ಇದಕ್ಕೆ ಚೆಕ್‌ಸಮ್ ಬೇಕು. ಫೈಲಿನ ಪ್ರತಿ ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ಕೊಡುವ 64 ಅಕ್ಷರಗಳ ಗುರುತು ಅದು. ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಹೊಸ ತಂತ್ರಾಂಶವೇನೂ ಬೇಡ. ಫೋಟೊಗಳ ಫೋಲ್ಡರಿನಲ್ಲಿ ಪವರ್‌ಶೆಲ್ ತೆರೆದು ಹೀಗೆ ಟೈಪಿಸಿದರೆ ಎಲ್ಲ ಫೈಲುಗಳ ಗುರುತಿನ ಪಟ್ಟಿ ಸಿದ್ಧವಾಗುತ್ತದೆ:

```
Get-ChildItem -Recurse -File | Get-FileHash | Export-Csv ..\2024.csv
```

ಮರುವರ್ಷ ಅದೇ ಆಜ್ಞೆಯನ್ನು `2025.csv` ಹೆಸರಿನಲ್ಲಿ ಕೊಟ್ಟು, ಎರಡು ಪಟ್ಟಿಗಳನ್ನು ಹೋಲಿಸಬೇಕು:

```
Compare-Object (Import-Csv ..\2024.csv) (Import-Csv ..\2025.csv) -Property Hash -PassThru
```

ಹೊಸದಾಗಿ ಸೇರಿಸಿದ ಫೋಟೊ ಒಂದೇ ಸಲ ಕಾಣಿಸಿಕೊಳ್ಳುತ್ತದೆ. ಯಾರೂ ಮುಟ್ಟದ ಹಳೆಯ ಫೋಟೊ ಎರಡು ಗುರುತುಗಳೊಂದಿಗೆ ಎರಡು ಸಲ ಬಂದರೆ ಅದು ಬದಲಾಗಿದೆ ಎಂದರ್ಥ. ಆಗ ಇನ್ನೊಂದು ಡಿಸ್ಕಿನಲ್ಲಿರುವ ಅದೇ ಫೈಲಿನ ಗುರುತನ್ನು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡಿ, ಹೊಂದಿದರೆ ಅಲ್ಲಿಂದ ತಂದುಕೊಳ್ಳಬೇಕು. ಡಿಸ್ಕ್ ಬದಲಿಸುವ ವರ್ಷ ಈ ತಪಾಸಣೆ ನಕಲಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ನಡೆಯಬೇಕು. ಚೆಕ್‌ಸಮ್‌ಗೂ ಒಂದು ಮಿತಿಯಿದೆ. ಪಟ್ಟಿ ಮಾಡುವ ಮೊದಲೇ ಕೆಟ್ಟಿದ್ದ ಫೋಟೊವನ್ನು ಅದು ಗುರುತಿಸಲಾರದು.

ಶಿವಮೊಗ್ಗದ ಮನೆಯಲ್ಲಿ ಅಂಥ ಪಟ್ಟಿ ಇರಲಿಲ್ಲ. ಉಳಿದಿದ್ದದ್ದು ಸೋದರಮಾವನ ಸಿ.ಡಿ. ಮಾತ್ರ. ಸಿ.ಡಿ. ಓದುವ ಡ್ರೈವನ್ನು ಪಕ್ಕದ ಮನೆಯಿಂದ ತಂದು, ಅದರ 180 ಫೈಲುಗಳಿಗೂ ಡಿಸ್ಕಿನ 180 ಫೈಲುಗಳಿಗೂ ಪಟ್ಟಿ ಮಾಡಿ ಹೋಲಿಸಿದರೆ, 179 ಹೊಂದುತ್ತವೆ, ಒಂದು ಹೊಂದುವುದಿಲ್ಲ. ಗುರುತುಗಳು ಬೇರೆ ಎಂದಷ್ಟೇ ಕಂಪ್ಯೂಟರ್ ಹೇಳಬಲ್ಲದು. ಸರಿಯಾದದ್ದು ಯಾವುದೆಂದು ತಿಳಿಯಲು ಎರಡನ್ನೂ ತೆರೆದು ನೋಡಬೇಕು. ಸಿ.ಡಿ.ಯ ಪ್ರತಿಯಲ್ಲಿ ಅಜ್ಜಿಯ ಕೈ ತೊಟ್ಟಿಲ ಮೇಲಿದೆ, ಒಳಗೆ ಮಗು ಕಣ್ಣು ಬಿಟ್ಟು ಮಲಗಿದೆ. ಆ ಫೈಲು ಎರಡೂ ಡಿಸ್ಕ್‌ಗಳಿಗೆ ಹೋಗುತ್ತದೆ, ಹೊಸ ಪಟ್ಟಿ ಸಿದ್ಧವಾಗುತ್ತದೆ, ಮುಂದಿನ ತಪಾಸಣೆಯ ತಿಂಗಳನ್ನು ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆಯಲಾಗುತ್ತದೆ.