ಬೆಟ್ಟದ ಮನೆಯ ಚಿತ್ರಕ್ಕೆ ಮಂಜು ತುಂಬುವ ಲೆಕ್ಕ

ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಮನೆಯನ್ನೋ ಹೋಂಸ್ಟೇಯನ್ನೋ ಕಟ್ಟಿಸಲು ಹೊರಟವರ ಕೈಗೆ ಈಗ ನಕ್ಷೆಯ ಜೊತೆಗೆ ಒಂದು ಬಣ್ಣದ ಚಿತ್ರವೂ ಬರುತ್ತದೆ. ಇನ್ನೂ ಪಾಯವನ್ನೇ ತೋಡದ ಮನೆ ಅದರಲ್ಲಿ ಮುಂಜಾನೆಯ ಮಂಜಿನ ನಡುವೆ ಎದ್ದು ನಿಂತಿರುತ್ತದೆ. ಕಂಪ್ಯೂಟರಿನಲ್ಲಿ ಮನೆಯ, ಮರಗಳ, ಗುಡ್ಡಗಳ ಮಾದರಿ ಕಟ್ಟಿ, ಅದರ ಮೇಲೆ ಬೆಳಕು ಹಾಯಿಸಿ ತೆಗೆಯುವ ಇಂಥ ಚಿತ್ರಕ್ಕೆ ರೆಂಡರ್ ಎಂದು ಹೆಸರು. ಕೆಲವು ರೆಂಡರ್‌ಗಳಲ್ಲಿ ಮನೆಯ ಹಿಂದೆ ಒಂದು ಗುಡ್ಡ, ಅದರ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು ಎಂದು ಕಣ್ಣು ದೂರದವರೆಗೆ ಸಾಗುತ್ತದೆ. ಮತ್ತೆ ಕೆಲವು ಇಡೀ ಹಾಳೆಗೆ ತೆಳು ಸುಣ್ಣ ಬಳಿದಂತೆ ಕಾಣುತ್ತವೆ. ಮಂಜನ್ನು ದೂರಕ್ಕೂ ಎತ್ತರಕ್ಕೂ ತಕ್ಕಂತೆ ಅಳೆದು ಹಾಕಿದ್ದಾರೆಯೇ ಇಲ್ಲವೇ ಎಂಬುದರಿಂದ ಈ ವ್ಯತ್ಯಾಸ ಹುಟ್ಟುತ್ತದೆ.

ಮಂಜು ಮಾಡುವ ಎರಡು ಕೆಲಸ

ಮಂಜೆಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ನೀರಿನ ಹನಿಗಳು. ದೂರದ ಮರದಿಂದ ನಮ್ಮ ಕಣ್ಣಿಗೆ ಬರಬೇಕಾದ ಬೆಳಕಿನಲ್ಲಿ ಒಂದು ಪಾಲನ್ನು ಅವು ಅತ್ತಿತ್ತ ಚದುರಿಸಿಬಿಡುತ್ತವೆ. ಹಾಗೆಯೇ ಆಕಾಶದ ಬೆಳಕನ್ನು ಹಿಡಿದು ನಮ್ಮ ಕಡೆಗೆ ತಿರುಗಿಸುತ್ತವೆ. ಹೀಗೆ ಮರದ ಬೆಳಕು ಕಳೆದು, ಮಂಜಿನ ಬೆಳಕು ಸೇರುತ್ತದೆ. ಆದ್ದರಿಂದಲೇ ದೂರ ಹೋದಂತೆ ಮೊದಲು ಮಾಸುವುದು ಕಪ್ಪು: ಕಾಂಡದ ನೆರಳು, ಕಿಟಕಿಯ ಒಳಗತ್ತಲು, ಬಂಡೆಯ ಸಂದು. ಬಿಳಿ ಗೋಡೆಯಲ್ಲಿ ಆಗುವ ಬದಲಾವಣೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಜರ್ಮನಿಯ ಹವಾಮಾನ ವಿಜ್ಞಾನಿ ಹರಾಲ್ಡ್ ಕೋಶ್‌ಮೀಡರ್ 1924ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ವಸ್ತುವಿನ ಸ್ವಂತ ಬೆಳಕಿನಲ್ಲಿ ಎಷ್ಟು ಪಾಲು ಉಳಿದು ನಮ್ಮನ್ನು ತಲುಪುತ್ತದೆ ಎಂಬುದನ್ನು ಹೀಗೆ ಬರೆಯಬಹುದು:

```
T = exp(-β × d)
```

ಇಲ್ಲಿ d ಎಂದರೆ ಮೀಟರಿನಲ್ಲಿ ದೂರ, β ಎಂದರೆ ಮಂಜಿನ ಸಾಂದ್ರತೆ. ಸುಮಾರು 3.9ನ್ನು β ಯಿಂದ ಭಾಗಿಸಿದರೆ ಎಷ್ಟು ದೂರದವರೆಗೆ ಕಣ್ಣು ಹಾಯುತ್ತದೆ ಎಂದು ತಿಳಿಯುತ್ತದೆ.

ಒಂದು ಮನೆ, ನಾಲ್ಕು ಪದರ

ಮಡಿಕೇರಿಯ ಹತ್ತಿರ ಇಳಿಜಾರಿನಲ್ಲಿ ಒಂದು ಮನೆಯಿದೆ ಎಂದಿಟ್ಟುಕೊಳ್ಳೋಣ. ಕ್ಯಾಮೆರಾದಿಂದ ಮನೆಗೆ 40 ಮೀಟರ್. ಅದರ ಹಿಂದೆ 150 ಮೀಟರಿನಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮರಗಳು, 500 ಮೀಟರಿನಲ್ಲಿ ಎದುರಿನ ಗುಡ್ಡ, 1500 ಮೀಟರಿನಲ್ಲಿ ಕೊನೆಯ ಬೆಟ್ಟಸಾಲು.

β ಯನ್ನು 0.002 ಎಂದು ಹಿಡಿದರೆ ಮನೆಯ ಬೆಳಕಿನಲ್ಲಿ ನೂರಕ್ಕೆ 92 ಪಾಲು ಉಳಿಯುತ್ತದೆ. ಮರಗಳದ್ದು 74, ಗುಡ್ಡದ್ದು 37, ಬೆಟ್ಟಸಾಲಿನದು ಬರೀ 5. ಮನೆ ಸ್ಪಷ್ಟವಾಗಿದೆ, ಮರಗಳು ತುಸು ತಿಳಿಯಾಗಿವೆ, ಗುಡ್ಡ ಅರೆಬರೆ ಕಾಣುತ್ತದೆ, ಬೆಟ್ಟಸಾಲು ಇದ್ದೂ ಇಲ್ಲದಂತಿದೆ. ನಾಲ್ಕೂ ಪದರಗಳು ಒಂದರಿಂದೊಂದು ಬೇರೆಯಾಗಿ ನಿಲ್ಲುತ್ತವೆ. ಅದೇ β ಯನ್ನು 0.01ಕ್ಕೆ ಏರಿಸಿದರೆ ಮನೆಯೇ 67ಕ್ಕೆ ಇಳಿದು ಮಂಕಾಗುತ್ತದೆ, ಮರಗಳು 22ಕ್ಕೆ ಬರುತ್ತವೆ, ಗುಡ್ಡವೂ ಬೆಟ್ಟಸಾಲೂ ಅಳಿಸಿಹೋಗುತ್ತವೆ. ಮಂಜು ಹೆಚ್ಚಾದರೆ ಆಳ ಹೆಚ್ಚುತ್ತದೆಂದು ಹೊಸಬರು ನಂಬುತ್ತಾರೆ. ಆದರೆ ಮಂಜು ಅತಿಯಾದಾಗ ಪದರಗಳು ಮುಗಿದೇಹೋಗುತ್ತವೆ.

ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಇದನ್ನು ಮಾಡುವುದು ಸರಳ. ಇಡೀ ಭೂದೃಶ್ಯವನ್ನು ಒಳಗೊಳ್ಳುವ ದೊಡ್ಡ ಪೆಟ್ಟಿಗೆಯೊಂದನ್ನು ಇಟ್ಟು, ಅದಕ್ಕೆ `Volume Scatter` ಕೊಟ್ಟು, ಬಣ್ಣವನ್ನು ಪೂರ್ತಿ ಬಿಳಿ ಮಾಡಿ, `Density` ಜಾಗದಲ್ಲಿ 0.002 ಎಂದು ಬರೆದರೆ ಆಯಿತು. ಅಳತೆ ಮೀಟರಿನಲ್ಲಿದ್ದರೆ ಆ ಸಂಖ್ಯೆಯೇ ನಮ್ಮ β. ಬೇರೆ ತಂತ್ರಾಂಶದಿಂದ ತಂದ ಮಾದರಿಯಲ್ಲಿ ಮಿಲಿಮೀಟರು ಮೀಟರಾಗಿ ಹಿಗ್ಗಿರುವುದುಂಟು. ಆಗ ಚಿತ್ರವೆಲ್ಲ ಬಿಳಿಯಾಗಿಬಿಡುತ್ತದೆ. ಮೊದಲು ಮುಂಬಾಗಿಲಿನ ಎತ್ತರ ಎರಡು ಮೀಟರಿನ ಆಸುಪಾಸಿನಲ್ಲಿದೆಯೇ ಎಂದು ನೋಡಬೇಕು. ಪೆಟ್ಟಿಗೆಯ ಗೊಡವೆ ಬೇಡವೆಂದು ಮಂಜನ್ನು `World` ನಲ್ಲೇ ತುಂಬಿದರೂ ತೊಂದರೆಯೇ. ಆ ಮಂಜಿಗೆ ಕೊನೆಯೇ ಇಲ್ಲದ್ದರಿಂದ ಅನಂತ ದೂರದಲ್ಲಿರುವ ಸೂರ್ಯನ ಬೆಳಕು ಮನೆಯನ್ನು ಮುಟ್ಟುವುದೇ ಇಲ್ಲ.

ಕಣಿವೆಯಲ್ಲಿ ದಟ್ಟ, ಮೇಲೆ ತೆಳು

ಎಲ್ಲೆಡೆ ಒಂದೇ ಸಮ ಹರಡಿದ ಮಂಜು ಬಯಲುಸೀಮೆಗೆ ಒಪ್ಪೀತು, ಬೆಟ್ಟಕ್ಕೆ ಒಪ್ಪುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ಒತ್ತಿದ ಗಾಳಿಯೂ ತಣಿದು, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆ ಸೇರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಿಕೊಳ್ಳುವುದರಿಂದ ಮಂಜು ಮೇಲೇಳಲಾಗದೆ ತಳದಲ್ಲೇ ನಿಲ್ಲುತ್ತದೆ. ಬೆಳಗ್ಗೆ ಗುಡ್ಡದ ಬುಡ ಬಿಳಿಯಾಗಿ, ನೆತ್ತಿ ನಿಚ್ಚಳವಾಗಿ ಕಾಣುವುದು ಇದರಿಂದ.

ರೆಂಡರ್ ಮಾಡುವವರು ಇದಕ್ಕೆ ಎರಡನೆಯ ಪೆಟ್ಟಿಗೆಯೊಂದನ್ನು ಕಣಿವೆಯಲ್ಲಷ್ಟೇ ಇಡುತ್ತಾರೆ. ತಳದಲ್ಲಿ ಸಾಂದ್ರತೆ 0.01ರಷ್ಟು, ಮೇಲೆ ಹೋದಂತೆ ಸೊನ್ನೆ. ಮೇಲಂಚು ಗೆರೆ ಎಳೆದಂತಾಗದಿರಲು ಅಡ್ಡಕ್ಕೆ ಹಿಗ್ಗಿಸಿದ `Noise Texture` ಬೆರೆಸಿ ಅಲ್ಲಲ್ಲಿ ಹರಿದಂತೆ ಮಾಡುತ್ತಾರೆ. ಒಂದು ಗುಡ್ಡದ ನೆತ್ತಿಯ ಕಪ್ಪು ಅದರ ಹಿಂದಿನ ಗುಡ್ಡದ ಬಿಳಿ ಬುಡಕ್ಕೆ ತಾಗಿದಾಗ ಪದರಗಳ ನಡುವಿನ ಅಂತರ ಕಣ್ಣಿಗೆ ಹೊಡೆದು ಕಾಣುತ್ತದೆ.

ಸೂರ್ಯನ ಜಾಗವೂ ಮುಖ್ಯ. ನೀರಿನ ಹನಿಗಳು ಬೆಳಕನ್ನು ಹೆಚ್ಚಾಗಿ ಅದು ಸಾಗುತ್ತಿದ್ದ ದಿಕ್ಕಿಗೇ ಚದುರಿಸುತ್ತವೆ. ಅದಕ್ಕಾಗಿ `Anisotropy` ಯನ್ನು 0.7ರ ಸುಮಾರಿಗೆ ಇಟ್ಟು, ಸೂರ್ಯನನ್ನು ಮನೆಯ ಹಿಂದೆ ಒಂದು ಪಕ್ಕಕ್ಕೆ, ದಿಗಂತದಿಂದ 5ರಿಂದ 10 ಡಿಗ್ರಿ ಮೇಲಿಟ್ಟರೆ ಮಂಜು ಬೆಳಗುತ್ತದೆ. ಸೂರ್ಯ ಕ್ಯಾಮೆರಾದ ಬೆನ್ನಿಗಿದ್ದರೆ ಅದೇ ಮಂಜು ಬೂದಿ ಬಣ್ಣದ ಗೋಡೆಯಾಗುತ್ತದೆ.

ಹೀಗೆ ಗಾಳಿಯ ತುಂಬ ಬೆಳಕನ್ನು ಲೆಕ್ಕ ಹಾಕುವುದಕ್ಕೆ ಹೊತ್ತು ಹಿಡಿಯುತ್ತದೆ, ಚಿತ್ರದಲ್ಲಿ ಮರಳಿನಂಥ ಕಾಳು ಉಳಿಯುತ್ತದೆ. ಅದನ್ನು ಅಳಿಸಲು ಹೋದರೆ ಎಲೆಗಳೂ ಕದಡಿಹೋಗುತ್ತವೆ. ಅವಸರವಿದ್ದವರು ಮಂಜಿಲ್ಲದೆ ರೆಂಡರ್ ಮಾಡಿ, `Mist Pass` ಎಂಬ ದೂರದ ದಾಖಲೆಯನ್ನು ಬಳಸಿ ಆಮೇಲೆ ಬಿಳುಪು ಬೆರೆಸುತ್ತಾರೆ. ಮೇಲಿನ ಸೂತ್ರವನ್ನೇ ಅನುಸರಿಸಿದರೆ ಪದರಗಳು ಸರಿಯಾಗಿಯೇ ಬರುತ್ತವೆ. ಆದರೆ ಅದಕ್ಕೆ ಗೊತ್ತಿರುವುದು ದೂರವೊಂದೇ. ಕಣಿವೆಯ ಮಂಜಾಗಲಿ, ಮರಗಳ ನಡುವೆ ತೂರುವ ಬಿಸಿಲಕೋಲಾಗಲಿ ಅದರಿಂದ ಬರುವುದಿಲ್ಲ.

ಚಿತ್ರ ಕೈಗೆ ಬಂದಾಗ

ನಿಮ್ಮ ಮುಂದೆ ಇಂಥ ಚಿತ್ರ ಬಂದರೆ ಒಂದೊಂದು ಪದರದಲ್ಲೂ ಅತಿ ಕಪ್ಪಾದ ಜಾಗವನ್ನು ಹುಡುಕಿ ಹೋಲಿಸಿ. ದೂರ ಹೋದಂತೆ ಕಪ್ಪು ತಿಳಿಯಾಗುತ್ತಾ ಹೋಗಬೇಕು. ಮನೆಯ ಕಿಟಕಿಯೂ ದೂರದ ಬೆಟ್ಟವೂ ಸಮನಾಗಿ ಮಾಸಿದ್ದರೆ ಮಂಜನ್ನು ಮೇಲಿಂದ ಬಳಿದಿದ್ದಾರೆ. ಋತುವನ್ನೂ ಗಮನಿಸಿ. ಕೊಡಗಿನ ಜುಲೈ ತಿಂಗಳಲ್ಲಿ ಇಳಿಜಾರನ್ನು ಮುಸುಕುವುದು ಮಳೆಯ ಮೋಡವೇ. ಅದರ ಜೊತೆ ಹೊಂಬಿಸಿಲಿನ ಉದ್ದ ನೆರಳು ಇರಲಾರದು.

ಚೆನ್ನಾಗಿ ಮಾಡಿದ ಮಂಜು ಚೆಲುವನ್ನು ತೋರಿಸುತ್ತದೆ, ಹಾಗೆಯೇ ಮರೆಮಾಡುತ್ತದೆ ಕೂಡ. ಪಕ್ಕದ ಕಟ್ಟಡ, ವಿದ್ಯುತ್ ತಂತಿ, ಮಣ್ಣು ಕಡಿದ ಇಳಿಜಾರು, ಅದಕ್ಕೆ ಕಟ್ಟಬೇಕಾದ ತಡೆಗೋಡೆ ಎಲ್ಲವೂ ಅದರ ಹಿಂದೆ ಅಡಗಬಲ್ಲವು. ಮನೆ ಕಟ್ಟಿಸುವವರು ಅದೇ ಕ್ಯಾಮೆರಾ ಜಾಗದಿಂದ ಮಂಜಿಲ್ಲದ ಇನ್ನೊಂದು ರೆಂಡರ್ ಕೇಳಿ ಪಡೆಯಲಿ, ತೀರ್ಮಾನವನ್ನು ಅದನ್ನು ನೋಡಿ ಮಾಡಲಿ. ಮಂಜಿನ ಪೆಟ್ಟಿಗೆಗಳನ್ನು ಮರೆಮಾಡಿದರೆ ಸಾಕು, ಆ ಚಿತ್ರ ಮೊದಲಿನದಕ್ಕಿಂತ ಬೇಗ ಸಿದ್ಧವಾಗುತ್ತದೆ.