ಟ್ರೈನರ್ ಪ್ಯಾಕೇಜ್ ಅರ್ಧಕ್ಕೆ ಬಿಟ್ಟರೆ ಹಣ ವಾಪಸ್ ಎಷ್ಟು ಕೇಳಬೇಕು?

ಜಿಮ್‌ನಲ್ಲಿ ಪರ್ಸನಲ್ ಟ್ರೈನರ್‌ಗೋ ಯೋಗ ಕ್ಲಾಸಿಗೋ ಮುಂಗಡ ಹಣ ಕಟ್ಟಿರುತ್ತೇವೆ. ಮಧ್ಯದಲ್ಲಿ ಸೊಂಟ ಹಿಡಿಯುತ್ತದೆ, ಇಲ್ಲವೇ ವರ್ಗವಾಗುತ್ತದೆ, ಇಲ್ಲವೇ ಮಗಳ ಬಾಣಂತನಕ್ಕೆ ಊರಿಗೆ ಹೋಗಬೇಕಾಗುತ್ತದೆ. ಕೌಂಟರಿನಲ್ಲಿ ಕೇಳಿದರೆ "ನಾನ್ ರಿಫಂಡೆಬಲ್" ಎಂಬ ಒಂದೇ ಮಾತು. ಅಲ್ಲಿಗೇ ಸುಮ್ಮನಾಗಬೇಕಿಲ್ಲ. ಆದರೆ ಪೂರ್ತಿ ಹಣ ಬೇಕೆಂದು ಜಗಳಕ್ಕೆ ನಿಂತರೂ ಕೆಲಸವಾಗುವುದಿಲ್ಲ. ನ್ಯಾಯವಾದ ಒಂದು ಲೆಕ್ಕ ಹಾಕಿ, ಅವಧಿ ಮುಗಿಯುವ ಮೊದಲೇ ಬರೆದು ಕೇಳಬೇಕು. ಹೇಗೆಂದು ಒಂದು ಉದಾಹರಣೆಯಲ್ಲೇ ನೋಡೋಣ.

*ಒಬ್ಬ ತಾಯಿಯ ಲೆಕ್ಕ*

ಧಾರವಾಡದ ತಾಯಿಯೊಬ್ಬರು ಠಾಣೆಯಲ್ಲಿ ಮಗನ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಮಗ ಮನೆ ಹತ್ತಿರದ ಜಿಮ್‌ನಲ್ಲಿ 36 ಸೆಷನ್‌ಗೆ ತೆರಿಗೆ ಸೇರಿ 28,800 ರೂಪಾಯಿ ಕಟ್ಟಿದ. ಅಂದರೆ ಸೆಷನ್‌ಗೆ 800. ಜೂನ್ 1ರಿಂದ ಸೆಪ್ಟೆಂಬರ್ 30ರೊಳಗೆ ಮುಗಿಸಬೇಕು. ಅದೇ ಜಿಮ್‌ನಲ್ಲಿ ಬಿಡಿ ಸೆಷನ್‌ಗೆ 1,200, ಹನ್ನೆರಡರ ಸಣ್ಣ ಪ್ಯಾಕೇಜಿಗೆ 12,000.

ಜುಲೈ ಮೊದಲ ವಾರಕ್ಕೆ 14 ಸೆಷನ್ ಆಗಿದ್ದವು. ಆಗ ಬೆನ್ನು ನೋವು ಶುರುವಾಯಿತು. ಮೂರು ತಿಂಗಳು ಭಾರ ಎತ್ತಬಾರದು, ಮುಂದಕ್ಕೆ ಬಗ್ಗಬಾರದು ಎಂದು ಜುಲೈ 8ಕ್ಕೆ ಡಾಕ್ಟರು ಹೇಳಿದರು. ಜಿಮ್‌ನವರು ಕೊಡುವ ಫ್ರೀಜ್ ಒಂದೇ ತಿಂಗಳದ್ದು. ವಿಶ್ರಾಂತಿ ಮುಗಿಯುವ ಹೊತ್ತಿಗೆ ಅಕ್ಟೋಬರ್ ಆಗಿರುತ್ತದೆ. ಫ್ರೀಜ್ ಸೇರಿಸಿದರೂ ಉಳಿದ 22 ಸೆಷನ್‌ಗೆ ಸಿಗುವುದು ಮೂರು ವಾರ, ಅಷ್ಟರಲ್ಲಿ ಅವು ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ರಿಫಂಡ್ ಕೇಳುವುದೇ ಸರಿ.

*ಮೊದಲು ಎಣಿಕೆ ಸರಿ ಮಾಡಿಕೊಳ್ಳಿ*

ಜಿಮ್‌ನ ಆ್ಯಪ್‌ನಲ್ಲಿ 17 ಸೆಷನ್ ಮುಗಿದಿವೆ ಎಂದಿತ್ತು. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು 14. ಆ ಮೂರು ದಿನ ಟ್ರೈನರೇ ರಜೆ ಹಾಕಿದ್ದರು, "ಇವತ್ತು ಬರಲ್ಲ" ಎಂಬ ಅವರ ಮೆಸೇಜು ಫೋನಿನಲ್ಲಿತ್ತು. ಆ ಸ್ಕ್ರೀನ್‌ಶಾಟ್ ತೋರಿಸಿದ ಮೇಲೆ ಎಣಿಕೆ 14ಕ್ಕೆ ಇಳಿಯಿತು. ನೀವೇ ಮೊದಲು ತಿಳಿಸದೆ ತಪ್ಪಿಸಿಕೊಂಡ ದಿನಗಳಿದ್ದರೆ, ಅದನ್ನು ಬಳಸಿದ ಸೆಷನ್ ಎಂದು ಲೆಕ್ಕ ಹಿಡಿಯುವ ನಿಯಮ ನೀವು ಸಹಿ ಹಾಕಿದ ಫಾರಂನಲ್ಲಿ ಇದ್ದರೆ, ಒಪ್ಪಿಕೊಳ್ಳಿ. ಟ್ರೈನರ್ ಆ ಹೊತ್ತನ್ನು ನಿಮಗಾಗಿ ಇಟ್ಟಿದ್ದರು.

*ಮೂರು ಲೆಕ್ಕ, ಯಾವುದು ನ್ಯಾಯ?*

ಜಿಮ್‌ನವರು ಸಾಮಾನ್ಯವಾಗಿ ಬಿಡಿ ದರ ಹಿಡಿಯುತ್ತಾರೆ. 14 ಸೆಷನ್‌ಗೆ 1,200ರಂತೆ 16,800 ಕಳೆದು 12,000 ಕೊಡುತ್ತೇವೆ ಎನ್ನುತ್ತಾರೆ. ನಾವು ಪ್ಯಾಕೇಜ್ ದರ ಹಿಡಿಯುತ್ತೇವೆ. ಉಳಿದ 22ಕ್ಕೆ 800ರಂತೆ 17,600 ಬರಬೇಕು ಎನ್ನುತ್ತೇವೆ. ಅವರ ಮಾತಿನಲ್ಲೂ ಹುರುಳಿದೆ: ರಿಯಾಯಿತಿ ಕೊಟ್ಟಿದ್ದು 36ಕ್ಕೆ, ನೀವು ತೆಗೆದುಕೊಂಡಿದ್ದು 14.

ನಡುವಿನ ದಾರಿ ಹೀಗಿದೆ. ಮೊದಲೇ ಗೊತ್ತಿದ್ದರೆ ಈ ತಾಯಿ ಬಿಡಿ ಸೆಷನ್ ಕೊಳ್ಳುತ್ತಿರಲಿಲ್ಲ, ಹನ್ನೆರಡರ ಪ್ಯಾಕೇಜ್ ಕೊಳ್ಳುತ್ತಿದ್ದರು. ಅದರ ದರ ಸೆಷನ್‌ಗೆ 1,000. ಹದಿನಾಲ್ಕಕ್ಕೆ 14,000 ಕಳೆದರೆ ಉಳಿಯುವುದು 14,800. ಇದನ್ನು ಕೇಳಿದರೆ "ಯಾವ ಲೆಕ್ಕದ ಮೇಲೆ?" ಎಂಬ ಪ್ರಶ್ನೆಗೆ ಅವರದೇ ದರಪಟ್ಟಿಯಲ್ಲಿ ಉತ್ತರವಿದೆ.

ಕಾರಣ ಅವರ ಕಡೆಯದಾದರೆ ಮಾತು ಬೇರೆ. ನೀವು ನಂಬಿ ಸೇರಿದ ಟ್ರೈನರ್ ಬಿಟ್ಟುಹೋದರು, ಬೆಳಗಿನ ಬ್ಯಾಚ್ ನಿಲ್ಲಿಸಿದರು, ಶಾಖೆಯೇ ದೂರಕ್ಕೆ ಹೋಯಿತು ಎಂದಾದರೆ 17,600ನ್ನೇ ಕೇಳಿ. ಇನ್ನು ಏನೂ ಅಡ್ಡಿಯಿಲ್ಲದೆ ಬರೀ ಮನಸ್ಸು ಬದಲಾಗಿದ್ದರೆ ನಿಮ್ಮ ಪಟ್ಟು ಸಡಿಲ. ಆಗ ಉಳಿದ ಸೆಷನ್‌ಗಳನ್ನು ಸೊಸೆಯ ಹೆಸರಿಗೋ ಮಗನ ಹೆಸರಿಗೋ ವರ್ಗಾಯಿಸಿ ಎಂದು ಕೇಳುವುದು ಲೇಸು.

*ಪತ್ರದಲ್ಲಿ ಏನಿರಬೇಕು*

ಕೌಂಟರಿನಲ್ಲಿ ಬಾಯಿಮಾತಿಗೆ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಜಿಮ್‌ನ ಇಮೇಲ್‌ಗೆ, ಜೊತೆಗೆ ಮ್ಯಾನೇಜರ್ ವಾಟ್ಸಾಪ್‌ಗೆ ಬರೆಯಿರಿ. ಅವರಿಗೆ ತಿಳಿಯುವ ಭಾಷೆಯಲ್ಲಿ ಇಷ್ಟು ಸಾಕು:

"ಜೂನ್ 1ರಂದು 36 ಸೆಷನ್‌ಗೆ 28,800 ರೂಪಾಯಿ ಕಟ್ಟಿದ್ದೇವೆ, ರಸೀದಿ ಲಗತ್ತಿಸಿದೆ. 14 ಸೆಷನ್ ಆಗಿವೆ. ವೈದ್ಯರ ಸಲಹೆಯಂತೆ ಜುಲೈ 8ರಿಂದ ನಿಲ್ಲಿಸಿದ್ದೇವೆ, ಪತ್ರ ಲಗತ್ತಿಸಿದೆ. ನಿಮ್ಮ 12 ಸೆಷನ್ ಪ್ಯಾಕೇಜಿನ ದರದಲ್ಲಿ 14,000 ಕಳೆದು 14,800 ರೂಪಾಯಿಯನ್ನು 15 ದಿನದೊಳಗೆ ಹಿಂತಿರುಗಿಸಿ. ಆಗದಿದ್ದರೆ ಯಾವ ಷರತ್ತಿನ ಪ್ರಕಾರ ಆಗದು ಎಂದು ಬರೆದು ತಿಳಿಸಿ."

ಕೊನೆಯ ಸಾಲು ಮುಖ್ಯ. "ಕಂಪನಿ ಪಾಲಿಸಿ" ಎನ್ನುವವರು ಆ ಪಾಲಿಸಿ ಎಲ್ಲಿದೆ ಎಂದು ತೋರಿಸಬೇಕಾಗುತ್ತದೆ. ಅನೇಕ ಕಡೆ ಅದು ನೀವು ಸಹಿ ಹಾಕಿದ ಫಾರಂನಲ್ಲಿ ಇರುವುದಿಲ್ಲ, ಆಮೇಲೆ ಬಂದ ರಸೀದಿಯ ಕೆಳಗೆ ಮಾತ್ರ ಇರುತ್ತದೆ.

ಡಾಕ್ಟರ ಪತ್ರದಲ್ಲಿ "ಇಂಥ ದಿನದವರೆಗೆ ಭಾರದ ವ್ಯಾಯಾಮ ಬೇಡ" ಎಂದಿದ್ದರೆ ಸಾಕು. ಎಂಆರ್‌ಐ ವರದಿ, ಔಷಧಿ ಚೀಟಿ ಕಳುಹಿಸಬೇಡಿ.

ಪತ್ರ ಹೋಗಬೇಕಾದದ್ದು ಅವಧಿಯೊಳಗೆ. ಜುಲೈ 10ಕ್ಕೆ ಬರೆದರೆ, ಆಮೇಲೆ ಅವರು ಸೆಪ್ಟೆಂಬರ್ ತನಕ ಎಳೆದರೂ "ಎಕ್ಸ್‌ಪೈರಿ ಆಯ್ತು" ಎನ್ನುವುದಕ್ಕೆ ಬಲವಿಲ್ಲ. ಅಕ್ಟೋಬರಿನಲ್ಲಿ ಬರೆದರೆ ಅದೇ ಮಾತು ನಿಮಗೆ ತಿರುಗೇಟಾಗುತ್ತದೆ. ಊರಿಗೆ ಹೋಗುವವರೂ ರೈಲು ಹತ್ತುವ ಮೊದಲೇ ಫ್ರೀಜ್ ಮಾಡಿಸಿ, ಹೊಸ ಕೊನೆಯ ದಿನಾಂಕವನ್ನು ಬರಹದಲ್ಲಿ ಪಡೆಯಿರಿ.

*ಎರಡು ಎಡವಟ್ಟು*

ಹಣವನ್ನು ಸಾಲದ ಕಂಪನಿಯ ಮೂಲಕ ಇಎಂಐನಲ್ಲಿ ಕಟ್ಟಿದ್ದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಜಿಮ್‌ಗೆ ಹಣ ಆಗಲೇ ಸಂದಿರುತ್ತದೆ, ಸಾಲ ನಿಮ್ಮ ಹೆಸರಲ್ಲಿದೆ, ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ಎರಡನೆಯದು, ತಿಂಗಳು ತಿಂಗಳು ಹೋಗುವ ಯುಪಿಐ ಆಟೋಪೇ ಇದ್ದರೆ, ಪತ್ರ ಬರೆದ ಕೂಡಲೇ ಆ್ಯಪ್‌ನಲ್ಲಿ ಅದನ್ನು ನೀವೇ ರದ್ದು ಮಾಡಿ.

*ಅವರು ಒಪ್ಪದಿದ್ದರೆ*

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ದೂರು ಹೇಳಬಹುದು. ಅವರು ಜಿಮ್‌ಗೆ ದೂರು ಮುಟ್ಟಿಸಿ ರಾಜಿ ಮಾಡಿಸಲು ನೋಡುತ್ತಾರೆ, ಆದರೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಮ್ಮಂಥವರಿಗೆ ದೊಡ್ಡ ಅನುಕೂಲವೆಂದರೆ, ನೀವು ಈಗ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಠಾಣೆ ಬಿಟ್ಟು ಧಾರವಾಡಕ್ಕೇ ಬಂದು ನೆಲೆಸಿದವರು ಧಾರವಾಡದಲ್ಲೇ ಕೊಡಬಹುದು.

ಆದರೂ ಎರಡು ಮೂರು ಸಾವಿರದ ವ್ಯತ್ಯಾಸಕ್ಕೆ ಆಯೋಗದ ಮೆಟ್ಟಿಲು ಹತ್ತುವ ಮುನ್ನ ಯೋಚಿಸಿ. ಅವರು 12,000 ಎಂದಲ್ಲಿ ನೀವು 14,800 ಕೇಳಿ, 14,000ಕ್ಕೆ ಬಂದರೆ ಒಪ್ಪಿಕೊಂಡು, ಹಣ ಖಾತೆಗೆ ಬಂದ ಮೇಲಷ್ಟೇ "ಬಾಕಿ ಇಲ್ಲ" ಎಂದು ಬರೆದುಕೊಡಿ.

ಈಗ ಪ್ಯಾಕೇಜ್ ನಡೆಯುತ್ತಿರುವ ಮನೆಯವರು ಇವತ್ತೇ ರಸೀದಿ ತೆಗೆದು ಕೊನೆಯ ದಿನಾಂಕ ನೋಡಿಕೊಳ್ಳಿ. ನಿಮ್ಮ ಕನ್ನಡ ಬಳಗದಲ್ಲಿ ಜಿಮ್, ಯೋಗ ಸೇರಿದವರಿಗೂ ಇದನ್ನು ಕಳುಹಿಸಿ.