ರೆಕಾರ್ಡ್ ಆದ ಮಾತು, ಬರೆದ ದೂರು

"ಹಣ ವಾಪಸ್ ಬರುತ್ತೆ ಸರ್" ಎಂದು ಕಸ್ಟಮರ್ ಕೇರ್‌ನವರು ಹೇಳಿದ್ದು ಫೋನಿನಲ್ಲಿ ರೆಕಾರ್ಡ್ ಆಗಿದೆಯೇ? ಮೊದಲು ಅದನ್ನು ಇದ್ದಂತೆಯೇ ಬರೆದುಕೊಳ್ಳಿ. ಪತ್ರಕ್ಕೆ ಇಡೀ ಸಂಭಾಷಣೆ ಬೇಡ, ಭರವಸೆ ಕೊಟ್ಟ ವಾಕ್ಯ ಸಾಕು. ಉದಾಹರಣೆಗೆ: "ಮಾರ್ಚ್ 4ರ ಬೆಳಿಗ್ಗೆ 11.20ರ ಕರೆಯ ಆರನೇ ನಿಮಿಷದಲ್ಲಿ ನಿಮ್ಮ ಪ್ರತಿನಿಧಿ, 'ನೀವು ಕೇಳದ ಸೇವೆಯ 299 ರೂಪಾಯಿಯನ್ನು ಏಳು ದಿನದಲ್ಲಿ ಬಿಲ್ಲಿನಿಂದ ತೆಗೆಯುತ್ತೇವೆ' ಎಂದರು. ಮಾರ್ಚ್ 11 ಕಳೆದರೂ ತೆಗೆದಿಲ್ಲ." ಸಿಟ್ಟಿದ್ದರೂ 'ಮೋಸಗಾರರು' ಎಂದು ಬರೆಯಬೇಡಿ, ತಾರೀಖೇ ಸಾಕಷ್ಟು ಚುಚ್ಚುತ್ತದೆ. ಎಸ್‌ಎಂಎಸ್‌ನಲ್ಲಿ ಬಂದ ಡಾಕೆಟ್ ಸಂಖ್ಯೆಯನ್ನು ಪತ್ರದ ತಲೆಯಲ್ಲೇ ಹಾಕಿ. ಆಗಲೂ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಶುಲ್ಕವಿಲ್ಲದೆ ಬರೆಯಬಹುದು. ಬಿಡಿ ಗ್ರಾಹಕರ ದೂರನ್ನು ಟ್ರಾಯ್ ತಾನೇ ಇತ್ಯರ್ಥ ಮಾಡುವುದಿಲ್ಲ. ಮೂಲ ರೆಕಾರ್ಡಿಂಗನ್ನು ಮಾತ್ರ ಕತ್ತರಿಸದೆ ಇಟ್ಟುಕೊಳ್ಳಿ.